ಎಂಟು ಸೆಕೆಂಡಿನ ಮಾತು


*ಇಂದಿನ ಧಮ್ಮ ಚಿಂತನೆ*



ನಮ್ಮ ಭಾನುವಾರದ ಅಧ್ಯಯನ ವಲಯಕ್ಕೆ ಬರುವ ಕಾಲೇಜು ಮಕ್ಕಳಿಗಾಗಿ ನಾನು ಒಂದು ಚಿಕ್ಕ ಕತೆ ಕಟ್ಟಿದ್ದೆ. ಕಟ್ಟಿದ ಕತೆಯಾದ್ದರಿಂದ ಇದರಲ್ಲಿ ಯಾರಿಗೂ ಹೆಸರಿಲ್ಲ. ಇವತ್ತು ಮೊದಲು ಕತೆ ಓದೋಣ, ಆಮೇಲೆ ಅದರ ಜೊತೆಗೆ ಎರಡು ಸುತ್ತಗಳನ್ನು ಇಟ್ಟು ನೋಡೋಣ.

*ಕತೆ*

ಒಬ್ಬ ಹುಡುಗಿ. ಬಿ.ಎ. ಎರಡನೇ ವರ್ಷ, ಮೈಸೂರಿನಲ್ಲಿ ಹಾಸ್ಟೆಲ್ ವಾಸ. ಅವಳ ಊರಿಗೆ ಹತ್ತಿರದ ವಿಹಾರದಲ್ಲಿ ತಿಂಗಳಿಗೊಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಧಮ್ಮ ಪ್ರವಚನ ಮಾಡುತ್ತಾರೆ. ಚಿಕ್ಕಂದಿನಲ್ಲಿ ಅವಳಿಗೆ ಅಕ್ಷರ ಕಲಿಸಿದವರೂ ಅವರೇ. ಅವರ ಮಾತನ್ನು ಯಾರಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಹಾಕುತ್ತಾರೆ. ಆ ತಿಂಗಳ ವಿಷಯ ಕೋಪ. ರೆಕಾರ್ಡಿಂಗ್ ಒಂದು ಗಂಟೆ ಹದಿನಾಲ್ಕು ನಿಮಿಷದ್ದು.

ಆ ವಾರ ಹುಡುಗಿಗೆ ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇರಲಿಲ್ಲ. ರೂಮಿನ ಹುಡುಗಿಯೊಬ್ಬಳು ಇವಳು ಕುಡಿದ ಲೋಟವನ್ನು ಬೇರೆ ಇಟ್ಟಿದ್ದಳು. ಬಾಯಿಬಿಟ್ಟು ಏನೂ ಅಂದಿರಲಿಲ್ಲ, ಬೇರೆ ಇಟ್ಟಿದ್ದಳು ಅಷ್ಟೆ. ಆಗಲೇ ಕೇಳಬೇಕಾಗಿದ್ದ ಮಾತುಗಳೆಲ್ಲ ಇವಳ ತಲೆಯಲ್ಲಿ ರಾತ್ರಿಯೆಲ್ಲಾ ಓಡುತ್ತಿದ್ದವು. ಬಸ್ಸಿನಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಮೇಷ್ಟ್ರ ಪ್ರವಚನ ಕೇಳುತ್ತಿದ್ದಾಗ, ಮೂವತ್ತೆಂಟನೇ ನಿಮಿಷದಲ್ಲಿ ಈ ಮಾತು ಬಂತು:

“ಸಿಟ್ಟನ್ನ ಕೆಳಗಿಡಿ. ಹೊತ್ತುಕೊಂಡೋರನ್ನೇ ಅದು ಮೊದಲು ಸುಡೋದು.”

ಎರಡು ಸಲ ಕೇಳಿದಳು. ಕಣ್ಣು ತುಂಬಿತು. ಆಡಿಯೋ ಕತ್ತರಿಸುವ ಆಪ್‌ನಲ್ಲಿ ಎಡಗಡೆಯ ಗೆರೆಯನ್ನು ‘ಸಿಟ್ಟನ್ನ’ ಅನ್ನುವಲ್ಲಿಗೆ ಎಳೆದಳು, ಬಲಗಡೆಯ ಗೆರೆಯನ್ನು ‘ಸುಡೋದು’ ಅನ್ನುವಲ್ಲಿಗೆ. ಎಂಟು ಸೆಕೆಂಡು. ಅವತ್ತು ರಾತ್ರಿ ಅದನ್ನೇ ಕೇಳುತ್ತಾ ಮಲಗಿದಳು, ನಿದ್ದೆ ಬಂತು. ಬೆಳಿಗ್ಗೆ ಬುದ್ಧನ ಚಿತ್ರದ ಮೇಲೆ ಆ ದನಿ ಕೂಡಿಸಿ ಸ್ಟೇಟಸ್‌ಗೆ ಹಾಕಿದಳು. ಕೇಳಿದವರಿಗೆಲ್ಲ ಕಳಿಸಿದಳು.

ಹನ್ನೊಂದು ದಿನ ಕಳೆದ ಮೇಲೆ ಊರಿನಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. ಅವನದೊಂದು ವಿಷಯ ಅವಳಿಗೆ ಗೊತ್ತೇ ಇತ್ತು. ಊರಿನ ಕ್ಷೌರದ ಅಂಗಡಿಯಲ್ಲಿ “ನಿಮ್ಮೋರಿಗೆ ಇಲ್ಲಿ ಕಟಿಂಗ್ ಇಲ್ಲ” ಅಂದಿದ್ದರು. ಅವನು ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟಿದ್ದ. ಆ ದಿನ ಊರಿನ ನಾಲ್ಕು ಜನ ದೊಡ್ಡವರು ಅವನ ಮನೆ ಜಗಲಿಗೆ ಬಂದು ಕೂತು ರಾಜಿ ಮಾತಾಡಿದ್ದರು. ಮಾತಿನ ನಡುವೆ ಅವರಲ್ಲೊಬ್ಬರು ಮೊಬೈಲ್ ತೆಗೆದು ಆ ಎಂಟು ಸೆಕೆಂಡನ್ನು ಎಲ್ಲರಿಗೂ ಕೇಳಿಸಿದರು. “ನೋಡಪ್ಪಾ, ನಿಮ್ಮ ಬುದ್ಧನ ಮೇಷ್ಟ್ರೇ ಹೇಳ್ತಾವ್ರೆ. ಸಿಟ್ಟು ಬಿಡು, ದೂರು ವಾಪಸ್ ತಗೋ.”

“ಪುಟ್ಟಿ, ಇದು ನಿಜವಾಗ್ಲೂ ಮೇಷ್ಟ್ರು ಹೇಳಿದ್ದಾ?” ಅಂತ ಅಣ್ಣ ಕೇಳಿದ.

“ಹೌದು ಅಣ್ಣ. ಅವರದೇ ದನಿ.”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಸರಿ ಬಿಡು” ಅಂದ. ಫೋನ್ ಇಟ್ಟ.

ಆ ‘ಸರಿ ಬಿಡು’ ಅವಳಿಗೆ ಸರಿ ಅನ್ನಿಸಲಿಲ್ಲ. ರೆಕಾರ್ಡಿಂಗ್ ತೆಗೆದು ಮೂವತ್ತನೇ ನಿಮಿಷದಿಂದ ಮತ್ತೆ ಕೇಳಿದಳು. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳದೇ ಹೋದದ್ದು ಈಗ ಕೇಳಿಸಿತು. ಮೂವತ್ತೈದನೇ ನಿಮಿಷದಲ್ಲಿ ಸಭೆಯ ಹಿಂದಿನಿಂದ ಒಬ್ಬ ತಾಯಿ ಸಣ್ಣ ದನಿಯಲ್ಲಿ ಪ್ರಶ್ನೆ ಕೇಳಿದ್ದರು. ಮಗನ ಮೇಲೆ ಹಲ್ಲೆಯಾದ ಕೇಸು ನಾಲ್ಕು ವರ್ಷದಿಂದ ನಡೆಯುತ್ತಿದೆ, ಪ್ರತಿ ತಾರೀಖಿಗೂ ಕೋರ್ಟಿನಲ್ಲಿ ಅವರ ಮುಖ ನೋಡಬೇಕು, ನೋಡಿದ ದಿನ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಏನು ಮಾಡಲಿ ಮೇಷ್ಟ್ರೇ ಅಂತ. ಮೇಷ್ಟ್ರ ಉತ್ತರ ಹೀಗಿತ್ತು:

“ಕೇಸು ನಡೀಲಿ ತಾಯಿ. ಅದರಲ್ಲಿ ಹಿಂದೆ ಸರಿಯೋ ಮಾತೇ ಇಲ್ಲ. ಆದರೆ ನೀವು ಇನ್ನೂ ಎಷ್ಟು ವರ್ಷ ಓಡಾಡಬೇಕೋ ಗೊತ್ತಿಲ್ಲ, ಅಷ್ಟು ದಿನ ನಿಮ್ಮ ಮೈ ಮನಸ್ಸು ನೆಟ್ಟಗಿರಬೇಕಲ್ಲ? ಅದಕ್ಕೇ ಹೇಳೋದು, ಸಿಟ್ಟನ್ನ ಕೆಳಗಿಡಿ. ಹೊತ್ತುಕೊಂಡೋರನ್ನೇ ಅದು ಮೊದಲು ಸುಡೋದು. ಸಿಟ್ಟನ್ನ ಕೆಳಗಿಡಿ ಅಂದೆ, ಕಾಗದಾನ ಕೆಳಗಿಡಿ ಅನ್ನಲಿಲ್ಲ. ಕಾಗದ ಕೈಯಲ್ಲೇ ಇರಲಿ. ಸಿಟ್ಟು ಇಳಿದ ಕೈ ನಡುಗೋದಿಲ್ಲ, ಸಹಿ ನೆಟ್ಟಗೆ ಬರುತ್ತೆ.”

ಮುಂದಿನ ಭಾನುವಾರ ಹುಡುಗಿ ಮೇಷ್ಟ್ರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಬೈಯಲಿಲ್ಲ.

“ಆ ಮಾತು ಕೇಳಿ ನಿನಗೆ ನಿದ್ದೆ ಬಂತಾ ಮಗಳೇ?”

“ಬಂತು ಮೇಷ್ಟ್ರೇ.”

“ಹಾಗಾದ್ರೆ ನಿನಗೆ ಅದು ಸರಿಯಾಗೇ ಸಿಕ್ಕಿದೆ. ನಿಮ್ಮಣ್ಣನ ಮನೆಗೆ ಮಾತ್ರೆ ಹೋಯ್ತು, ಡಾಕ್ಟ್ರ ಚೀಟಿ ಹೋಗಲಿಲ್ಲ. ಈಗ ಚೀಟಿ ಕಳಿಸು.”

ಅವಳು ಮತ್ತೆ ಕತ್ತರಿಸಲು ಕೂತಳು. ಈ ಸಲ ಎಡಗಡೆಯ ಗೆರೆಯನ್ನು ‘ಕೇಸು ನಡೀಲಿ ತಾಯಿ’ ಅನ್ನುವಲ್ಲಿಗೆ ಒಯ್ದಳು, ಬಲಗಡೆಯದನ್ನು ‘ನೆಟ್ಟಗೆ ಬರುತ್ತೆ’ ಅನ್ನುವಲ್ಲಿಗೆ. ಪ್ರಶ್ನೆ ಕೇಳಿದ ತಾಯಿಯ ದನಿಯನ್ನು ಸೇರಿಸಲಿಲ್ಲ, ಅದು ಅವರ ಮನೆಯ ನೋವು, ಊರೂರು ಸುತ್ತುವುದು ಬೇಡ ಅಂತ. ಅದರ ಬದಲು ತನ್ನ ದನಿಯಲ್ಲೇ ಮೊದಲಿಗೆ ಒಂದು ವಾಕ್ಯ ಸೇರಿಸಿದಳು: “ನ್ಯಾಯಕ್ಕಾಗಿ ಕೇಸು ನಡೆಸುತ್ತಾ ನಿದ್ದೆಗೆಟ್ಟ ತಾಯಿಯೊಬ್ಬರ ಪ್ರಶ್ನೆಗೆ ಮೇಷ್ಟ್ರು ಕೊಟ್ಟ ಉತ್ತರ ಇದು.” ಎಲ್ಲ ಸೇರಿ ಮುಕ್ಕಾಲು ನಿಮಿಷದ ಮೇಲೆ ಹೋಗಲಿಲ್ಲ. ಅಣ್ಣನಿಗೆ ಕಳಿಸಿದಳು.

ಅವನು ರಾತ್ರಿ ಉತ್ತರ ಬರೆದ: “ಕೇಳಿದೆ ಪುಟ್ಟಿ. ಸೋಮವಾರ ಹೇಳಿಕೆ ಕೊಡೋಕೆ ಹೋಗ್ತೀನಿ. ಇವತ್ತು ಊಟ ಸೇರ್ತು.”

ಮೊದಲಿನ ಎಂಟು ಸೆಕೆಂಡು ಮಾತ್ರ ನಿಲ್ಲಲಿಲ್ಲ. ಮೂರು ತಿಂಗಳಾದ ಮೇಲೆ ಗೊತ್ತಿಲ್ಲದ ಗುಂಪೊಂದರಿಂದ ಅದು ಅವಳಿಗೇ ವಾಪಸ್ ಬಂತು. ಯಾರೋ ಅದಕ್ಕೆ ಕೊಳಲಿನ ಸಂಗೀತ ಹಾಕಿದ್ದರು.

*ಕತೆಯೊಳಗಿನ ಪ್ರಶ್ನೆ*

ಈ ಕತೆಯಲ್ಲಿ ಯಾರೂ ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಿ. ಕ್ಲಿಪ್ಪಿನಲ್ಲಿದ್ದ ಒಂದೊಂದು ಅಕ್ಷರವೂ ಮೇಷ್ಟ್ರದೇ. ಅಣ್ಣ “ಇದು ಅವರು ಹೇಳಿದ್ದಾ” ಎಂದು ಕೇಳಿದ, “ಹೌದು” ಎಂಬ ನಿಜವಾದ ಉತ್ತರವೇ ಸಿಕ್ಕಿತು. ಆ ನಿಜದಿಂದಲೇ ಅವನು ಕುಗ್ಗಿಹೋದ. ‘ಹೇಳಿದ್ದಾರೋ ಇಲ್ಲವೋ’ ಎಂಬ ಒಂದೇ ಪ್ರಶ್ನೆ ಇಂಥ ಕಡೆ ಸಾಲುವುದಿಲ್ಲ. ಯಾರಿಗೆ ಹೇಳಿದರು, ಏನು ಕೇಳಿದ್ದಕ್ಕೆ ಹೇಳಿದರು, ಹೇಳಿದ ಮೇಲೆ ಮುಂದೇನೆಂದರು ಎಂಬುದೂ ಬೇಕು.

ನಾವು ಓದುವ ಸುತ್ತಗಳ ಆರಂಭವನ್ನೇ ನೋಡಿ. ಬಹುಪಾಲು ಸುತ್ತಗಳು ನೇರವಾಗಿ ಉಪದೇಶದಿಂದ ಶುರುವಾಗುವುದಿಲ್ಲ. ಬುದ್ಧರು ಯಾವ ಊರಿನಲ್ಲಿದ್ದರು, ಯಾವ ವನದಲ್ಲಿದ್ದರು, ಯಾರು ಬಂದರು, ಬಂದು ಏನು ಕೇಳಿದರು ಎಂಬುದು ಮೊದಲು ಬರುತ್ತದೆ. ಓದುವಾಗ ನಮಗೆ ಅದು ಬೇಸರದ ಪೀಠಿಕೆಯಂತೆ ಕಂಡು ದಾಟಿಬಿಡುತ್ತೇವೆ. ಕತೆಯ ಮೇಷ್ಟ್ರು ‘ಚೀಟಿ’ ಎಂದದ್ದು ಈ ಪೀಠಿಕೆಯನ್ನೇ. ಧಮ್ಮಪದದ ಮಾತುಗಳು ಒಂದೊಂದಾಗಿ, ಬಿಡಿಬಿಡಿಯಾಗಿ ಇವೆ ನಿಜ. ಆದರೆ ಅವಕ್ಕೂ ಅಟ್ಠಕಥೆಯವರು ಇದನ್ನು ಎಲ್ಲಿ, ಯಾರನ್ನು ಕುರಿತು ಹೇಳಿದ್ದು ಎಂಬ ಕತೆಗಳನ್ನು ಜೊತೆಗಿಟ್ಟರು.

*ಕನ್ನಡದಲ್ಲಿ ಕತ್ತರಿ ಎಲ್ಲಿ ಬೀಳುತ್ತದೆ?*

ಇಲ್ಲಿ ಭಾಷೆಯ ಒಂದು ಸಂಗತಿ ಹೇಳಬೇಕು. ಕನ್ನಡದಲ್ಲಿ ವಾಕ್ಯದ ತೀರ್ಮಾನ ಕೊನೆಯಲ್ಲಿ ಬರುತ್ತದೆ. ಒಂದು ಮಾತು ನಮ್ಮದೋ ಇನ್ನೊಬ್ಬರದೋ ಎಂದು ತಿಳಿಸುವ ‘ಅಂತ’, ‘ಎಂದು’, ‘ಅನ್ನುವುದು’ ಎಲ್ಲವೂ ಆ ಮಾತು ಮುಗಿದ ಮೇಲೆಯೇ ಬರುತ್ತವೆ. ಅಲ್ಲಗಳೆಯುವ ‘ಅಲ್ಲ’ ಇನ್ನೂ ಕೊನೆಗೆ. ಒಬ್ಬ ಭಾಷಣಕಾರರು ಹೀಗೆ ಹೇಳಿದರು ಎನ್ನಿ:

“ಹಿಂದಿನ ಜನ್ಮದ ಫಲ, ಸುಮ್ಮನೆ ಅನುಭವಿಸಬೇಕು ಅನ್ನುವುದು ಬುದ್ಧರ ಧಮ್ಮ ಅಲ್ಲ.”

ಬಲಗಡೆಯ ಗೆರೆಯನ್ನು ‘ಅನುಭವಿಸಬೇಕು’ ಎಂಬಲ್ಲಿ ನಿಲ್ಲಿಸಿ ನೋಡಿ. ಅವರು ಯಾವ ಮಾತನ್ನು ತಳ್ಳಿಹಾಕಲು ನಿಂತಿದ್ದರೋ ಅದೇ ಮಾತು ಅವರ ದನಿಯಲ್ಲೇ ಅವರ ಉಪದೇಶವಾಗುತ್ತದೆ. ‘ಧಮ್ಮ’ ಎಂಬಲ್ಲಿ ನಿಲ್ಲಿಸಿದರಂತೂ ಇನ್ನೂ ಕೆಟ್ಟದು. ಪಾಲಿಯಲ್ಲೂ ಹೀಗೇ. ಬೇರೆಯವರ ಮಾತು ಇಲ್ಲಿಗೆ ಮುಗಿಯಿತು ಎಂದು ತೋರಿಸುವ ‘ತಿ’ ಎಂಬ ಗುರುತು ಮಾತಿನ ಕೊನೆಗೆ ಬರುತ್ತದೆ.

ಹಾಗಾಗಿ ಕತ್ತರಿಸಿದ ಮಾತು ಕೈಗೆ ಬಂದಾಗ ಅದರ ಎರಡು ತುದಿಗಳನ್ನು ನೋಡಬೇಕು. ಕೊನೆಯ ಪದದ ಮೇಲೆ ದನಿ ಇಳಿದು ನಿಂತಿದೆಯೋ ಅಥವಾ ಮುಂದಕ್ಕೆ ಹೋಗುವಂತೆ ಎತ್ತಿಕೊಂಡಿದೆಯೋ ಕಿವಿಗೆ ಗೊತ್ತಾಗುತ್ತದೆ. ದನಿ ಎತ್ತರದಲ್ಲೇ ತುಂಡಾಗಿದ್ದರೆ ಮುಂದೆ ಏನೋ ಇತ್ತು. ಮೊದಲ ತುದಿಯಲ್ಲಿ ‘ಅದಕ್ಕೇ’, ‘ಆದರೆ’, ‘ಹಾಗಂತ’ ಎಂಬ ಪದವೋ ಅದರ ಬಾಲವೋ ಕೇಳಿಸಿದರೆ ಹಿಂದೆ ಏನೋ ಇತ್ತು. ಆದರೆ ಇದು ಅರ್ಧ ಪರೀಕ್ಷೆ ಮಾತ್ರ. ಹುಡುಗಿಯ ಕ್ಲಿಪ್ಪಿನಲ್ಲಿ ವಾಕ್ಯಗಳು ಎರಡೂ ಕಡೆ ಪೂರ್ತಿಯಾಗಿದ್ದವು. ಕಿವಿಗೆ ಯಾವ ಕುರುಹೂ ಸಿಗುತ್ತಿರಲಿಲ್ಲ. ಅಂಥಲ್ಲಿ ಮೂಲಕ್ಕೆ ಹೋಗುವುದೊಂದೇ ದಾರಿ.

*ಕಾಲಾಮರಿಗೆ ಹೇಳಿದ್ದು*

ನಮ್ಮ ಗುಂಪುಗಳಲ್ಲಿ ಅತಿ ಹೆಚ್ಚು ಸಲ ಕತ್ತರಿಗೆ ಸಿಕ್ಕಿದ ಸುತ್ತ ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿದೆ. ಕೋಸಲದ ಕೇಸಪುತ್ತ ಎಂಬ ಊರಿನ ಕಾಲಾಮರಿಗೆ ಹೇಳಿದ್ದು. ‘ಯಾರು ಹೇಳಿದರೂ ನಂಬಬೇಡ, ನಿನ್ನ ಬುದ್ಧಿಗೆ ಒಪ್ಪಿದ್ದನ್ನು ಮಾತ್ರ ಒಪ್ಪಿಕೋ’ ಎಂಬ ಅರ್ಥದಲ್ಲಿ ಅದು ವಾರಕ್ಕೊಮ್ಮೆಯಾದರೂ ಬರುತ್ತದೆ.

ಸುತ್ತವನ್ನು ಪೂರ್ತಿ ಓದಿದರೆ ಮೊದಲು ಕಾಣುವುದು ಪ್ರಶ್ನೆ. ತಮ್ಮ ಊರಿಗೆ ಬರುವ ಗುರುಗಳೆಲ್ಲ ತಮ್ಮ ಮತವನ್ನು ಹೊಗಳಿ ಬೇರೆಯವರದನ್ನು ಹಳಿಯುತ್ತಾರೆ, ಯಾರ ಮಾತು ನಿಜ ಎಂದು ಹೇಗೆ ತಿಳಿಯುವುದು ಎಂಬುದು ಕಾಲಾಮರ ಗೊಂದಲ. ಬುದ್ಧರು ಇವಿಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ ಎಂದು ಹತ್ತು ಸಂಗತಿಗಳನ್ನು ಹೇಳುತ್ತಾರೆ. ಕೇಳಿಬಂದ ಮಾತು, ಪರಂಪರೆ, ಗ್ರಂಥದಲ್ಲಿರುವುದು ಇವು ಆ ಪಟ್ಟಿಯಲ್ಲಿವೆ. ‘ಇವರು ನಮ್ಮ ಗುರುಗಳು’ ಎಂಬುದೂ ಇದೆ. ಬರಿಯ ತರ್ಕವೂ, ನಾವು ಮೊದಲೇ ನಂಬಿದ್ದಕ್ಕೆ ಹೊಂದುತ್ತದೆ ಎಂಬುದೂ ಅದೇ ಪಟ್ಟಿಯಲ್ಲಿವೆ. ಫಾರ್ವರ್ಡ್ ಮಾಡಿದ ಸಾಲು ಯಾವುದನ್ನು ಅಳತೆಗೋಲು ಮಾಡಿತೋ ಅದನ್ನೇ ಸುತ್ತವು ಸಾಲದು ಎನ್ನುತ್ತಿದೆ.

ಹಾಗಾದರೆ ಅಳತೆಗೋಲು ಯಾವುದು? ಅದು ಪಟ್ಟಿಯ ನಂತರ ಬರುತ್ತದೆ, ಅಂದರೆ ಕ್ಲಿಪ್ ನಿಂತ ಮೇಲೆ. ಈ ವಿಚಾರ ಕುಶಲವೋ ಅಕುಶಲವೋ, ತಿಳಿದವರು ಮೆಚ್ಚುವಂಥದ್ದೋ ಹಳಿಯುವಂಥದ್ದೋ, ನಡೆಗೆ ತಂದರೆ ಹಿತವಾಗುತ್ತದೆಯೋ ಕೇಡಾಗುತ್ತದೆಯೋ ಎಂದು ನೀವೇ ಅರಿತಾಗ ಅದರಂತೆ ಹಿಡಿಯಿರಿ ಅಥವಾ ಬಿಡಿ ಎನ್ನುತ್ತಾರೆ ಬುದ್ಧರು. ಆಮೇಲೆ ಅಷ್ಟಕ್ಕೆ ಬಿಡದೆ ಲೋಭ, ದ್ವೇಷ, ಮೋಹ ಒಂದೊಂದನ್ನೇ ಎತ್ತಿಕೊಂಡು, ಇದು ಮನುಷ್ಯನಲ್ಲಿ ಹುಟ್ಟಿದರೆ ಹಿತಕ್ಕೋ ಕೇಡಿಗೋ ಎಂದು ಕಾಲಾಮರನ್ನೇ ಕೇಳಿ ಅವರ ಬಾಯಿಂದಲೇ ಉತ್ತರ ಹೊರಡಿಸುತ್ತಾರೆ.

ಈ ಅಳತೆಗೋಲನ್ನು ನಮ್ಮ ಕತೆಗೆ ಇಟ್ಟು ನೋಡಿ. ‘ಸಿಟ್ಟನ್ನ ಕೆಳಗಿಡಿ’ ಎಂಬ ಮಾತು ಹಾಸ್ಟೆಲಿನ ಹಾಸಿಗೆಯಲ್ಲಿ ಹಿತ ತಂದಿತು. ಜಗಲಿಯಲ್ಲಿ ಅದೇ ಮಾತು ಅನ್ಯಾಯ ಮಾಡಿದವರಿಗೆ ಆಯುಧವಾಯಿತು. ಅಕ್ಷರ ಬದಲಾಗಲಿಲ್ಲ, ಹೇಳಿದವರ ದನಿಯೂ ಬದಲಾಗಲಿಲ್ಲ, ಬದಲಾದದ್ದು ಯಾರ ಕೈಯಿಂದ ಯಾರ ಮೇಲೆ ಎಂಬುದು. ದ್ವೇಷ ಬಿಡು ಎಂದು ಬುದ್ಧರು ಹೇಳಿದ್ದು ನಿಜ. ಅದನ್ನು ತುಳಿಸಿಕೊಂಡವನಿಗೆ ಮಾತ್ರ ಹೇಳಿ, ತುಳಿದವನಿಗೆ ಹೇಳದೆ ಬಿಟ್ಟರೆ ಅದು ಉಪದೇಶವಾಗಿ ಉಳಿಯುವುದಿಲ್ಲ. ಲೋಟ ಬೇರೆ ಇಟ್ಟವಳ ಮನಸ್ಸಿನಲ್ಲೂ, ಕಟಿಂಗ್ ಇಲ್ಲ ಎಂದವನ ಮನಸ್ಸಿನಲ್ಲೂ ಇರುವುದು ದ್ವೇಷವೇ ತಾನೇ? ಆ ನಾಲ್ಕು ಜನ ದೊಡ್ಡವರು ಮೊಬೈಲನ್ನು ಅಂಗಡಿಯ ಮುಂದೆ ಹಿಡಿದು ಕೇಳಿಸಬಹುದಿತ್ತು.

*ಬಾಬಾಸಾಹೇಬರು ತೋರಿಸಿದ ಎಚ್ಚರ*

ಬುದ್ಧರ ಮಾತು ತಪ್ಪಾಗಿ ವರದಿಯಾಗುವ ಈ ತೊಂದರೆಯನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ನೇರವಾಗಿಯೇ ಎತ್ತಿಕೊಂಡಿದ್ದಾರೆ. ಬರೆದಿಡುವ ಪದ್ಧತಿ ಇಲ್ಲದ ಕಾಲದಲ್ಲಿ ಭಾಣಕರು ಅಷ್ಟೆಲ್ಲವನ್ನೂ ಬಾಯಿಪಾಠ ಮಾಡಬೇಕಿತ್ತು, ಅದರಲ್ಲಿ ತಪ್ಪುಗಳು ನುಸುಳಿದವು ಎನ್ನುತ್ತಾರೆ. ಬುದ್ಧರು ಬದುಕಿದ್ದಾಗಲೇ ಅವರ ಮಾತನ್ನು ತಪ್ಪಾಗಿ ಹೇಳಿದ ಐದು ಪ್ರಸಂಗಗಳನ್ನು ಸುತ್ತಗಳಿಂದಲೇ ಎತ್ತಿ ತೋರಿಸುತ್ತಾರೆ. ಅದರಲ್ಲೊಂದು ಮಜ್ಝಿಮ ನಿಕಾಯದ ಜೀವಕ ಸುತ್ತ.

ಸಮಣ ಗೋತಮರು ತಮಗಾಗಿಯೇ ಪ್ರಾಣಿ ಕೊಂದು ಮಾಡಿದ ಅಡಿಗೆ ಎಂದು ತಿಳಿದೂ ಊಟ ಮಾಡುತ್ತಾರೆ ಎಂಬ ಮಾತು ರಾಜಗೃಹದಲ್ಲಿ ಹರಡಿತ್ತು. ವೈದ್ಯ ಜೀವಕನ ಕಿವಿಗೆ ಅದು ಬಿತ್ತು. ಅವನು ಅದನ್ನು ನಂಬಿ ದೂರವಾಗಲೂ ಇಲ್ಲ, ಭಕ್ತಿಯಿಂದ ಸುಳ್ಳೆಂದು ತಳ್ಳಿಹಾಕಲೂ ಇಲ್ಲ. ಬುದ್ಧರ ಬಳಿಗೇ ಹೋಗಿ, ಜನ ಹೀಗೆ ಹೇಳುತ್ತಿದ್ದಾರೆ, ಇದು ನಿಮ್ಮ ವಿಷಯದಲ್ಲಿ ಸರಿಯಾದ ಮಾತೋ ಇಲ್ಲವೋ ಎಂದು ಕೇಳಿದ. ಅಲ್ಲ ಎಂದರು ಬುದ್ಧರು. ಜೊತೆಗೆ ಯಾವಾಗ ಉಣ್ಣಬಾರದು ಎಂಬುದನ್ನೂ ಬಿಡಿಸಿ ಹೇಳಿದರು: ತನಗಾಗಿ ಕೊಂದದ್ದು ಎಂದು ಕಂಡಿದ್ದರೆ, ಕೇಳಿದ್ದರೆ, ಅಥವಾ ಅನುಮಾನವಿದ್ದರೆ. ಜೀವಕನು ಕೇಳದೇ ಹೋಗಿದ್ದರೆ ಊರ ಮಾತೇ ಉಳಿಯುತ್ತಿತ್ತು. ನಮ್ಮ ಹುಡುಗಿ ರೆಕಾರ್ಡಿಂಗನ್ನು ಮೂವತ್ತನೇ ನಿಮಿಷಕ್ಕೆ ಹಿಂದೆ ಸರಿಸಿದಾಗ ಮಾಡಿದ್ದು ಜೀವಕ ಮಾಡಿದ ಕೆಲಸವನ್ನೇ.

*ನಾವು ಮಾಡಬಹುದಾದದ್ದು*

ಒಂದು ಸಾಲನ್ನು ನಮಗಾಗಿ ಇಟ್ಟುಕೊಳ್ಳುವುದು ಬೇರೆ, ಕಳಿಸುವುದು ಬೇರೆ. ನಮಗಾಗಿ ಇಟ್ಟುಕೊಂಡ ಸಾಲಿಗೆ ಪೀಠಿಕೆ ಬೇಡ, ಯಾಕೆಂದರೆ ಅದು ಯಾವ ನೋವಿಗೆ ಸಿಕ್ಕಿತು ಎಂಬುದು ನಮಗೆ ಗೊತ್ತಿದೆ. ಮೇಷ್ಟ್ರು ಹುಡುಗಿಗೆ ಮೊದಲು ನಿದ್ದೆಯ ಬಗ್ಗೆಯೇ ಕೇಳಿದ್ದು ಅದಕ್ಕೆ. ಕಳಿಸುವಾಗ ಮಾತ್ರ ಮೂರು ಸಂಗತಿ ಜೊತೆಗಿರಲಿ: ಯಾರ ಪ್ರಶ್ನೆಗೆ ಇದು ಉತ್ತರ ಎಂಬ ಒಂದು ವಾಕ್ಯ, ಮಾತಿನ ನಂತರದ ಒಂದೆರಡು ವಾಕ್ಯ, ಮತ್ತು ಪೂರ್ತಿ ರೆಕಾರ್ಡಿಂಗಿನಲ್ಲಿ ಇದು ಎಷ್ಟನೇ ನಿಮಿಷದಲ್ಲಿದೆ ಎಂಬ ಗುರುತು. ಕೊನೆಯದು ಇದ್ದರೆ ಅನುಮಾನ ಬಂದವರು ತಾವೇ ಹೋಗಿ ಕೇಳಬಹುದು. ಪ್ರಶ್ನೆ ಕೇಳಿದವರ ಹೆಸರು, ದನಿ ಬೇಡ, ಪ್ರಶ್ನೆಯ ಸಾರ ಸಾಕು.

ಇಷ್ಟು ಮಾಡಿದರೂ ಆ ಮಾತನ್ನು ಇನ್ನೊಬ್ಬರು ಮತ್ತೆ ಕತ್ತರಿಸಬಹುದು, ಕೊಳಲು ಹಾಕಬಹುದು. ಅದನ್ನು ತಡೆಯಲಾಗದು. ಆದರೆ ಜಗಲಿಯ ಮೇಲೆ ಯಾರಾದರೂ ಮೊಬೈಲ್ ಹಿಡಿದು “ನಿಮ್ಮ ಬುದ್ಧನೇ ಹೇಳಿದ್ದಾನೆ” ಎಂದಾಗ “ಯಾರಿಗೆ ಹೇಳಿದ್ದು, ಮುಂದೇನು ಹೇಳಿದರು, ಪೂರ್ತಿ ಹಾಕಿ, ಎಲ್ಲರೂ ಕೇಳೋಣ” ಎನ್ನಲು ನಮ್ಮ ಮನೆಯ ಮಕ್ಕಳಿಗೆ ಬರಬೇಕು.

*ಭಾನುವಾರದ ಚರ್ಚೆಗೆ:* ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಂಡಿರುವ ಬುದ್ಧರದೋ ಬಾಬಾಸಾಹೇಬರದೋ ಒಂದು ಸಾಲನ್ನು ಆರಿಸಿಕೊಳ್ಳಿ. ಅದು ಯಾವ ಸುತ್ತದಲ್ಲಿ ಅಥವಾ ಯಾವ ಭಾಷಣದಲ್ಲಿದೆ, ಯಾರ ಎದುರು ಹೇಳಿದ್ದು, ಅದರ ಹಿಂದಿನ ಮತ್ತು ಮುಂದಿನ ಮಾತೇನು ಎಂದು ಹುಡುಕಿ ತನ್ನಿ. ಮೂಲ ಸಿಗದ ಸಾಲುಗಳನ್ನೂ ತನ್ನಿ, ಅವನ್ನು ಬೇರೆಯಾಗಿ ಬರೆದಿಡೋಣ.

ನಮೋ ಬುದ್ಧಾಯ. ಜೈ ಭೀಮ್.